ಮೂರು ಮೀಟರಿಗೊಂದು ಕಮಾನು

(ಚಿತ್ರಕಲೆ ಮತ್ತು ಕಟ್ಟಡ ವಿನ್ಯಾಸದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಪರದೆಯ ಮೇಲೆ ಎರಡು ಚಿತ್ರಗಳಿವೆ. ಎರಡೂ ಉದ್ದನೆಯ ಪಡಸಾಲೆಗಳು. ಎರಡೂ ಬದಿಗೆ ಕಂಬ, ಕಂಬದಿಂದ ಕಂಬಕ್ಕೆ ಕಮಾನು, ತಲೆಯ ಮೇಲೆ ಅಡ್ಡ ಕಮಾನು, ಕೊನೆಯಲ್ಲಿ ಒಂದಿಷ್ಟು ಬೆಳಕು. ಒಂದರಲ್ಲಿ ಕಂಬಗಳು ನೆಲದ ಮೇಲೆ ನಿಜಕ್ಕೂ ಸಮ ಅಂತರದಲ್ಲಿ ನಿಂತಿವೆ, ಇನ್ನೊಂದರಲ್ಲಿ ನಿಂತಿಲ್ಲ. ಯಾವುದು ಸರಿ ಎಂದು ಕೈ ಎತ್ತಿ ಹೇಳಿ ಅಂದೆ. ಅರ್ಧಕ್ಕಿಂತ ಹೆಚ್ಚು ಜನ ಎಡಗಡೆಯದು ಎಂದಿರಿ. ಎಡಗಡೆಯದು ತಪ್ಪು. ನೀವು ಅದನ್ನು ಯಾಕೆ ಆರಿಸಿದಿರಿ ಅನ್ನುವುದಕ್ಕೆ ಒಳ್ಳೆಯ ಕಾರಣವಿದೆ. ಸಮ ಅಂತರದ ಕಮಾನು ಸಾಲನ್ನು ಚಿತ್ರದಲ್ಲಿ ಸರಿಯಾಗಿ ತೋರಿಸುವುದು ಹೇಗೆ ಅನ್ನುವುದು ಇವತ್ತಿನ ವಿಷಯ, ಆ ಕಾರಣವನ್ನು ಬಿಡಿಸಿಟ್ಟರೆ ಅದರ ಮುಕ್ಕಾಲು ಪಾಲು ಹೇಳಿದಂತೆ.

ಮೊದಲು ಪದಗಳು. ಎರಡು ಕಂಬಗಳ ನಡುವಿನ ಜಾಗಕ್ಕೆ ನಮ್ಮಲ್ಲಿ ಅಂಕಣ ಎಂಬ ಹಳೆಯ, ಚೊಕ್ಕ ಪದವಿದೆ. ಮನೆ ಅಳೆಯುವಾಗ ಇಷ್ಟು ಅಂಕಣದ ಮನೆ ಅಂತ ಹಳ್ಳಿಗಳಲ್ಲಿ ಇವತ್ತೂ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಬೇ ಅನ್ನುವುದು ಇದನ್ನೇ. ಕಮಾನಿನ ತೀರಾ ಮೇಲಿನ ಬಿಂದುವನ್ನು ನೆತ್ತಿ ಎನ್ನುತ್ತೇನೆ, ಕಂಬದ ತಲೆಯಿಂದ ಕಮಾನು ಬಾಗಲು ಶುರುವಾಗುವ ಮಟ್ಟವನ್ನು ಹೊರಡುವ ಮಟ್ಟ ಎನ್ನುತ್ತೇನೆ. ದೂರ ಹೋಗುವ ಗೆರೆಗಳೆಲ್ಲ ಚಿತ್ರದಲ್ಲಿ ಬಂದು ಸೇರುವ ಚುಕ್ಕೆಯನ್ನು ಡ್ರಾಯಿಂಗ್ ಮೇಷ್ಟರುಗಳು ವ್ಯಾನಿಶಿಂಗ್ ಪಾಯಿಂಟ್ ಅನ್ನುತ್ತಾರೆ. ನಾನು ಕೂಡುಬಿಂದು ಎಂದು ಕರೆಯುತ್ತೇನೆ.

ಈಗ ಒಂದು ಪಡಸಾಲೆ ಕಟ್ಟೋಣ. ಲೆಕ್ಕ ಬಾಯಲ್ಲೇ ಆಗುವಂಥ ಅಳತೆಗಳನ್ನು ಬೇಕೆಂದೇ ಆರಿಸಿದ್ದೇನೆ. ಪಡಸಾಲೆಯ ಒಳ ಅಗಲ 3 ಮೀಟರ್. ಒಂದೊಂದು ಅಂಕಣದ ಉದ್ದವೂ 3 ಮೀಟರ್. ಕ್ಯಾಮೆರಾ ಸರಿಯಾಗಿ ನಡುವೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿ, ಮೇಲೂ ಕೆಳಗೂ ವಾಲದೆ ನೇರವಾಗಿ ನೋಡುತ್ತಿದೆ. ಮೊದಲ ಜೋಡಿ ಕಂಬ ಕ್ಯಾಮೆರಾದಿಂದ 3 ಮೀಟರ್ ಮುಂದೆ ಇದೆ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಕ್ಯಾಮೆರಾದ ಸೆನ್ಸರ್ ಅಗಲ ಮೊದಲೇ 36 ಮಿಲಿಮೀಟರ್ ಇರುತ್ತದೆ, ಲೆನ್ಸನ್ನೂ 36ಕ್ಕೇ ಇಡಿ. ಚಿತ್ರದ ಅಗಲ 1920 ಪಿಕ್ಸೆಲ್.

ಸೆನ್ಸರ್ ಮತ್ತು ಲೆನ್ಸ್ ಎರಡೂ ಒಂದೇ ಆದಾಗ ಲೆಕ್ಕ ತುಂಬ ಸರಳ. ಒಂದು ವಸ್ತು ನಡುಗೆರೆಯಿಂದ ಎಷ್ಟು ಮೀಟರ್ ಪಕ್ಕಕ್ಕಿದೆಯೋ ಅದನ್ನು, ಅದು ಎಷ್ಟು ಮೀಟರ್ ದೂರದಲ್ಲಿದೆಯೋ ಅದರಿಂದ ಭಾಗಿಸಿ 1920ರಿಂದ ಗುಣಿಸಿದರೆ ಆಯಿತು. ಚಿತ್ರದ ನಡುವಿನಿಂದ ಅದು ಎಷ್ಟು ಪಿಕ್ಸೆಲ್ ಆಚೆ ಬೀಳುತ್ತದೆ ಅನ್ನುವುದು ಸಿಗುತ್ತದೆ. ಕಂಬದ ಒಳಮೈ ನಡುಗೆರೆಯಿಂದ 1.5 ಮೀಟರ್. ಮೊದಲ ಕಂಬ 3 ಮೀಟರ್ ದೂರ. ಹಾಗಾದರೆ 960. ಅಂದರೆ ಸರಿಯಾಗಿ ಚಿತ್ರದ ಅಂಚಿನಲ್ಲಿ. ಎರಡನೆಯ ಕಂಬ 6 ಮೀಟರ್ ದೂರ, 480. ಮೂರನೆಯದು 320. ಮುಂದೆ 240, 192, 160. ಹತ್ತನೆಯ ಕಂಬ 96ರಲ್ಲಿ ಬೀಳುತ್ತದೆ.

ಈ ಸ್ಥಾನಗಳ ನಡುವಿನ ಅಂತರವನ್ನು ತೆಗೆಯಿರಿ. ಚಿತ್ರದಲ್ಲಿ ಮೊದಲ ಅಂಕಣ 480 ಪಿಕ್ಸೆಲ್ ಅಗಲ, ಎರಡನೆಯದು 160, ಮೂರನೆಯದು 80, ನಾಲ್ಕನೆಯದು 48, ಐದನೆಯದು 32. ಮೊದಲನೆಯದಕ್ಕೂ ಎರಡನೆಯದಕ್ಕೂ ಮೂರು ಪಟ್ಟು ವ್ಯತ್ಯಾಸ. ಎರಡನೆಯದಕ್ಕೂ ಮೂರನೆಯದಕ್ಕೂ ಎರಡು ಪಟ್ಟು. ಆಮೇಲೆ ಒಂದೂವರೆ ಪಟ್ಟಿನ ಸುತ್ತಮುತ್ತ. ಇನ್ನೂ ಒಳಗೆ ಹೋದರೆ ಒಂದು ಅಂಕಣಕ್ಕೂ ಪಕ್ಕದ್ದಕ್ಕೂ ಹೆಚ್ಚು ವ್ಯತ್ಯಾಸವೇ ಉಳಿಯುವುದಿಲ್ಲ. ಅಂದರೆ ಕಮಾನುಗಳು ಮೊದಮೊದಲು ದಡಬಡ ಕುಗ್ಗಿ, ಆಮೇಲೆ ನಿಧಾನವಾಗಿ ಕುಗ್ಗುತ್ತವೆ.

ಎಡಗಡೆಯ ಚಿತ್ರದಲ್ಲಿ ನಾನು ಮಾಡಿದ್ದು ಬೇರೆ. ಮೊದಲ ಅಂಕಣಕ್ಕೆ 480 ಕೊಟ್ಟೆ, ಎರಡನೆಯದಕ್ಕೆ ಅದರ ಅರ್ಧ 240, ಮೂರನೆಯದಕ್ಕೆ 120, ನಾಲ್ಕನೆಯದಕ್ಕೆ 60. ಪ್ರತಿಯೊಂದೂ ಹಿಂದಿನದರ ಅರ್ಧ. ಕಣ್ಣಿಗೆ ಇದು ಎಷ್ಟು ನಯವಾಗಿ ಕಾಣುತ್ತದೆ ನೋಡಿ. ಎಲ್ಲ ಅಂಕಣಗಳನ್ನೂ ಕೂಡಿದರೆ 960ರ ಕಡೆಗೇ ಹೋಗುತ್ತದೆ, ಕೂಡುಬಿಂದುವನ್ನು ದಾಟುವುದೂ ಇಲ್ಲ. ಅದಕ್ಕೇ ನಿಮಗೆ ಹಿಡಿಸಿತು. ಆದರೆ ಈ ಕಂಬಗಳು ನೆಲದ ಮೇಲೆ ಎಲ್ಲಿ ನಿಂತಿವೆ ಎಂದು ಹಿಂದಕ್ಕೆ ಲೆಕ್ಕ ಹಾಕೋಣ. ಚಿತ್ರದಲ್ಲಿ ಕಂಬಗಳ ಸ್ಥಾನ 960, 480, 240, 120, 60. ದೂರ ತೆಗೆದರೆ 3 ಮೀಟರ್, 6 ಮೀಟರ್, 12 ಮೀಟರ್, 24 ಮೀಟರ್, 48 ಮೀಟರ್! ಐದನೆಯ ಕಂಬಕ್ಕೆ ಬರುವಷ್ಟರಲ್ಲಿ ಒಂದು ಅಂಕಣವೇ 24 ಮೀಟರ್ ಆಗಿದೆ. ಆ ಪಡಸಾಲೆಯಲ್ಲಿ ನೀವು ನಡೆದು ಹೋದರೆ ಒಂದೊಂದು ಕಮಾನೂ ಹಿಂದಿನದಕ್ಕಿಂತ ಎರಡು ಪಟ್ಟು ಉದ್ದಕ್ಕೆ ಬಾಯಿ ತೆರೆದುಕೊಂಡಿರುತ್ತದೆ.

ಹತ್ತನೆಯ ತರಗತಿಯಲ್ಲಿ ಶ್ರೇಢಿಗಳ ಪಾಠ ನೆನಪಿದ್ದವರಿಗೆ ಇದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ನೆಲದ ಮೇಲಿನ ಕಂಬಗಳು ಸಮಾಂತರ ಶ್ರೇಢಿ. ಚಿತ್ರದಲ್ಲಿ ಅವು ಹರಾತ್ಮಕ ಶ್ರೇಢಿ. ನಮ್ಮ ಕೈ ತಾನಾಗಿ ಬರೆಯುವುದು ಗುಣೋತ್ತರ ಶ್ರೇಢಿ. ಈ ಪಾಠ ಓದುವಾಗ ಹರಾತ್ಮಕ ಶ್ರೇಢಿ ಎಲ್ಲಿ ಕಾಣಸಿಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಪ್ರತಿ ಉದ್ದನೆಯ ಮೊಗಸಾಲೆಯಲ್ಲಿ ಅದು ಕಣ್ಣೆದುರೇ ನಿಂತಿದೆ.

ಈ ತಪ್ಪು ಬಹಳ ಹಳೆಯದು. 1435ರಲ್ಲಿ ಇಟಲಿಯ ಲಿಯೋನ್ ಬಟ್ಟಿಸ್ಟಾ ಆಲ್ಬರ್ಟಿ ಚಿತ್ರಕಲೆಯ ಬಗ್ಗೆ ಒಂದು ಪುಸ್ತಕ ಬರೆದರು. ಆಗಿನ ಚಿತ್ರಕಾರರು ನೆಲದ ಚೌಕಗಳನ್ನು ಬರೆಯುವಾಗ ಮೊದಲ ಪಟ್ಟಿಗಿಂತ ಎರಡನೆಯದನ್ನು ಮೂರನೇ ಎರಡರಷ್ಟು, ಮೂರನೆಯದನ್ನು ಎರಡನೆಯದರ ಮೂರನೇ ಎರಡರಷ್ಟು ಮಾಡುತ್ತಾ ಹೋಗುತ್ತಿದ್ದರು, ಅದು ತಪ್ಪು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ನಮ್ಮ ಪಡಸಾಲೆಗೆ ಆ ವಿಧಾನ ಹಚ್ಚಿ ನೋಡಿ. 480, ಆಮೇಲೆ 320, ಆಮೇಲೆ 213. ಮೂರೇ ಅಂಕಣಕ್ಕೆ ಮೊತ್ತ 1013 ಆಯಿತು, ಕೂಡುಬಿಂದುವನ್ನು ದಾಟಿ ಆಚೆ ಹೋಯಿತು. ನಮ್ಮ ನಿಜವಾದ ಸಾಲಿನಲ್ಲಿ ಈ ಮೂರನೇ ಎರಡು ಅನ್ನುವ ಅನುಪಾತ ಒಂದೇ ಒಂದು ಕಡೆ ಬರುತ್ತದೆ. ನಾಲ್ಕನೆಯ ಅಂಕಣ 48, ಐದನೆಯದು 32. ಅಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ.

ಆಲ್ಬರ್ಟಿ ತಮ್ಮ ಪುಸ್ತಕದ ಇಟಾಲಿಯನ್ ರೂಪವನ್ನು ಅರ್ಪಿಸಿದ್ದು ಫಿಲಿಪ್ಪೊ ಬ್ರುನೆಲೆಸ್ಕಿ ಅವರಿಗೆ. ಪರ್ಸ್ಪೆಕ್ಟಿವ್ ಅನ್ನು ಫ್ಲಾರೆನ್ಸಿನಲ್ಲಿ ಜನರಿಗೆ ಮಾಡಿ ತೋರಿಸಿದವರು ಅವರೇ. ಅದೇ ಊರಿನಲ್ಲಿ ಅನಾಥ ಮಕ್ಕಳ ಆಶ್ರಯಧಾಮಕ್ಕೆ 1419ರಲ್ಲಿ ಕೆಲಸ ಶುರುವಾದ ಕಮಾನು ಮೊಗಸಾಲೆಯ ವಿನ್ಯಾಸವೂ ಅವರದೇ. ಸಣಕಲು ಕಂಬಗಳು, ಅರ್ಧವೃತ್ತದ ಒಂಬತ್ತು ಕಮಾನುಗಳು, ಪ್ರತಿ ಅಂಕಣದ ನೆಲವೂ ಚೌಕ. ನಮ್ಮ ಲೆಕ್ಕದ ಪಡಸಾಲೆಗೆ 3ಕ್ಕೆ 3ರ ಚೌಕ ಇಟ್ಟಿದ್ದು ಆ ಕಟ್ಟಡವನ್ನು ನೆನೆದೇ. ಅಂಕಣ ಚೌಕವಾಗಿದ್ದರೆ ಏನು ಲಾಭ ಅನ್ನುವುದು ಈಗ ತಿಳಿಯುತ್ತದೆ.

ಚೌಕದ ಲಾಭ ಎಂದರೆ ಕರ್ಣ. ಒಂದು ಅಂಕಣದ ಎಡ ಮೂಲೆಯಿಂದ ಬಲ ಮೂಲೆಗೆ ಎಳೆದ ಗೆರೆ ನೆಲಹಾಸಿನಲ್ಲಿ ಚೌಕದಿಂದ ಚೌಕಕ್ಕೆ ಮೂಲೆ ಹಿಡಿದೇ ಸಾಗುತ್ತದೆ. ನೆಲದ ಮೇಲಿನ ನೇರಗೆರೆ ಚಿತ್ರದಲ್ಲೂ ನೇರಗೆರೆಯೇ. ಆಲ್ಬರ್ಟಿ ಕೊಟ್ಟ ಪರೀಕ್ಷೆ ಇದೇ. ನೆಲಹಾಸಿನ ಚೌಕಗಳ ಮೂಲೆಗಳ ಮೇಲೆ ಅಳತೆಪಟ್ಟಿ ಇಡಿ, ಎಲ್ಲ ಮೂಲೆಗಳೂ ಒಂದೇ ಗೆರೆಯಲ್ಲಿ ಬಂದರೆ ಚಿತ್ರ ಸರಿ, ಗೆರೆ ಬಾಗಿದರೆ ತಪ್ಪು.

ನೆಲಹಾಸು ಕಾಣದ ಚಿತ್ರಗಳಿಗೆ ಕಂಬಗಳಲ್ಲೇ ಮಾಡುವ ಇನ್ನೊಂದು ಪರೀಕ್ಷೆ ಇದೆ. ಮೊದಲ ಕಂಬದ ತಲೆಯಿಂದ ಹೊರಟು, ಎರಡನೆಯ ಕಂಬದ ಸರಿ ಅರ್ಧ ಎತ್ತರವನ್ನು ಮುಟ್ಟಿ, ಹಾಗೇ ಕೆಳಕ್ಕೆ ಗೆರೆ ಎಳೆಯಿರಿ. ಅದು ಮೂರನೆಯ ಕಂಬದ ಬುಡಕ್ಕೆ ಬಂದು ಸೇರಬೇಕು. ಮೂರೂ ಕಂಬ ಸಮ ಅಂತರದಲ್ಲಿದ್ದರೆ ಬೇರೆಲ್ಲೂ ಸೇರುವುದಕ್ಕೆ ಸಾಧ್ಯವಿಲ್ಲ. ಎಡಗಡೆಯ ಚಿತ್ರದ ಮೇಲೆ ನಾನು ಈ ಗೆರೆ ಎಳೆದಾಗ ಅದು ಮೂರನೆಯ ಕಂಬಕ್ಕಿಂತ ಎಷ್ಟೋ ಮೊದಲೇ ನೆಲ ಮುಟ್ಟಿತು, ನೀವೇ ನೋಡಿದಿರಿ. ಒಂದು ಷರತ್ತು ಮಾತ್ರ ಮರೆಯಬೇಡಿ. ಕ್ಯಾಮೆರಾ ಮೇಲಕ್ಕೋ ಕೆಳಕ್ಕೋ ವಾಲಿದ್ದರೆ ಕಂಬದ ಚಿತ್ರದ ಅರ್ಧ ನಿಜವಾದ ಅರ್ಧವಲ್ಲ. ಆಗ ಈ ಪರೀಕ್ಷೆ ನಿಮಗೆ ಸುಳ್ಳು ಹೇಳುತ್ತದೆ.

ಅಂಕಿಯಲ್ಲೇ ನೋಡುವವರಿಗೆ ಇನ್ನೂ ಸುಲಭ. ಕೂಡುಬಿಂದುವಿನಿಂದ ಪ್ರತಿ ಕಂಬದ ದೂರವನ್ನು ಪಿಕ್ಸೆಲ್ಲಿನಲ್ಲಿ ಅಳೆಯಿರಿ. ಮೊದಲನೆಯದರ ದೂರವನ್ನು ಒಂದೊಂದರಿಂದಲೂ ಭಾಗಿಸಿ. ನಮ್ಮ ಪಡಸಾಲೆಯಲ್ಲಿ 1, 2, 3, 4 ಬರುತ್ತದೆ. ಕ್ಯಾಮೆರಾ ಬೇರೆ ಕಡೆ ನಿಂತಿದ್ದರೆ 1, 1.5, 2, 2.5 ಬರಬಹುದು. ಏನೇ ಬರಲಿ, ಹೆಜ್ಜೆ ಸಮವಾಗಿರಬೇಕು. ತಪ್ಪು ಚಿತ್ರದಲ್ಲಿ 1, 2, 4, 8 ಬರುತ್ತದೆ.

ಇಲ್ಲಿ ಲೆನ್ಸಿನ ಮಾತು ಬರಲೇಬೇಕು. ವೈಡ್ ಲೆನ್ಸ್ ಹಾಕಿದರೆ ಕಮಾನುಗಳು ಬೇಗ ಕುಗ್ಗುತ್ತವೆ, ಟೆಲಿ ಹಾಕಿದರೆ ಒತ್ತೊತ್ತಾಗಿ ಬರುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಲೆನ್ಸ್ ಒಂದನ್ನೇ ಬದಲಿಸಿ ನೋಡಿ. 36ರ ಜಾಗದಲ್ಲಿ 72 ಹಾಕಿದರೆ ಎಲ್ಲ ಅಂಕಿಗಳೂ ಎರಡರಷ್ಟಾಗುತ್ತವೆ, ಅಷ್ಟೇ. ಅನುಪಾತ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಬದಲಾಯಿಸುವುದು ನಿಂತ ಜಾಗ. ಕ್ಯಾಮೆರಾವನ್ನು ಹಿಂದಕ್ಕೆ ತಂದು ಮೊದಲ ಕಂಬದಿಂದ 12 ಮೀಟರ್ ದೂರ ನಿಲ್ಲಿಸಿ, ಚಿತ್ರ ತುಂಬಲೆಂದು ಲೆನ್ಸನ್ನು 144 ಮಾಡಿ. ಈಗ ಕಂಬಗಳು 960, 768, 640, 549ರಲ್ಲಿ ಬೀಳುತ್ತವೆ. ಅಂಕಣಗಳು 192, 128, 91. ಎಷ್ಟು ಮೆಲ್ಲಗೆ ಕುಗ್ಗುತ್ತಿವೆ ನೋಡಿ. ಸಾಲು ಶಾಂತವಾಗಿ ಕಾಣಬೇಕಾದರೆ ಹಿಂದೆ ಸರಿಯಿರಿ, ಒಳಕ್ಕೆ ಎಳೆದುಕೊಂಡು ಹೋಗಬೇಕಾದರೆ ಹತ್ತಿರ ಬನ್ನಿ. ಮೊದಲು ಜಾಗ, ಆಮೇಲೆ ಲೆನ್ಸ್. ನಾನು ಕೆಲಸ ಮಾಡುವುದು ಇದೇ ಕ್ರಮದಲ್ಲಿ.

ಇದುವರೆಗೆ ಕಂಬದ ಮಾತಾಯಿತು, ಈಗ ಕಮಾನು. ಅಡ್ಡ ಕಮಾನುಗಳು, ಅಂದರೆ ತಲೆಯ ಮೇಲೆ ಎಡದಿಂದ ಬಲಕ್ಕೆ ಹೋಗುವವು, ಕ್ಯಾಮೆರಾಕ್ಕೆ ನೇರ ಎದುರಾಗಿವೆ. ಅವು ಎಷ್ಟೇ ದೂರ ಹೋದರೂ ಅರ್ಧವೃತ್ತವಾಗಿಯೇ ಇರುತ್ತವೆ, ಚಿಕ್ಕದಾಗುತ್ತವೆ ಅಷ್ಟೇ. ಪಕ್ಕದ ಕಮಾನುಗಳದು ಬೇರೆ ಕಥೆ. ಮೊದಲ ಪಕ್ಕದ ಕಮಾನಿನ ನೆತ್ತಿ ನೆಲದ ಲೆಕ್ಕದಲ್ಲಿ ಎರಡು ಕಂಬಗಳ ಸರಿ ನಡುವೆ, ಕ್ಯಾಮೆರಾದಿಂದ 4.5 ಮೀಟರ್ ದೂರದಲ್ಲಿದೆ. ಚಿತ್ರದಲ್ಲಿ ಅದು 640ರಲ್ಲಿ ಬೀಳುತ್ತದೆ. 960 ಮತ್ತು 480ರ ನಡು 720. ನೆತ್ತಿ ನಡುವಿನಿಂದ 80 ಪಿಕ್ಸೆಲ್ ಒಳಕ್ಕೆ ಸರಿದಿದೆ. ಅಂದರೆ ನಮ್ಮ ಕಡೆಯ ತೋಳು ಉದ್ದ, ಆಚೆಯ ತೋಳು ಗಿಡ್ಡ. ಕೈಯಲ್ಲಿ ಬರೆಯುವವರು, ಫೋಟೋಗೆ ಕಮಾನು ಅಂಟಿಸುವವರು ನೆತ್ತಿಯನ್ನು ಚಿತ್ರದ ನಡುವೆ ಇಟ್ಟುಬಿಡುತ್ತಾರೆ. ಆಗ ಕಮಾನು ಗೋಡೆಯಲ್ಲಿ ಕೂರದೆ, ಹೊರಗಿನಿಂದ ತಂದು ಒರಗಿಸಿಟ್ಟ ಹಾಗೆ ಕಾಣುತ್ತದೆ.

ಹೊರಡುವ ಮಟ್ಟಕ್ಕೂ ಕ್ಯಾಮೆರಾದ ಎತ್ತರಕ್ಕೂ ಒಂದು ಸಂಬಂಧವಿದೆ. ಅದನ್ನು ನಾನು ಕಲಿತದ್ದು ಕಲಬುರಗಿಯಲ್ಲಿ. ಅಲ್ಲಿನ ಕೋಟೆಯೊಳಗೆ 1367ರ ಜಾಮಿ ಮಸೀದಿ ಇದೆ. ತೆರೆದ ಅಂಗಳವೇ ಇಲ್ಲದೆ ಇಡೀ ಕಟ್ಟಡಕ್ಕೆ ಸೂರು ಹಾಕಿದ್ದಾರೆ. ಅದರ ಅಂಚಿನ ಸಾಲುಗಳಲ್ಲಿ ಕಮಾನುಗಳು ಬಹಳ ಅಗಲ, ಆದರೆ ಬಹಳ ತಗ್ಗಿನಿಂದ ಹೊರಡುತ್ತವೆ. ಸಾಮಾನ್ಯ ಪಡಸಾಲೆಯಲ್ಲಿ ಕಮಾನು ಹೊರಡುವ ಮಟ್ಟ ನಮ್ಮ ತಲೆಗಿಂತ ಮೇಲಿರುತ್ತದೆ, ಆದ್ದರಿಂದ ಆ ಬಿಂದುಗಳ ಸಾಲು ದೂರ ಹೋದಂತೆ ಕೆಳಗಿಳಿದು ಕೂಡುಬಿಂದುವನ್ನು ಸೇರುತ್ತದೆ. ಕ್ಯಾಮೆರಾವನ್ನು ಹೊರಡುವ ಮಟ್ಟಕ್ಕಿಂತ ಮೇಲೆ ಎತ್ತಿದರೆ ಅದೇ ಸಾಲು ದೂರ ಹೋದಂತೆ ಮೇಲೇರುತ್ತದೆ. ಸರಿಯಾಗಿ ಆ ಮಟ್ಟದಲ್ಲೇ ಇಟ್ಟರೆ ಎಲ್ಲ ಕಮಾನುಗಳೂ ಒಂದೇ ಅಡ್ಡಗೆರೆಯಿಂದ ಚಿಮ್ಮಿದ ಹಾಗಾಗುತ್ತದೆ. ಎಲ್ಲ ಕಂಬಗಳ ತಲೆಯೂ ಒಂದೇ ಗೆರೆ ಸೇರಿಬಿಡುವುದರಿಂದ ಆಳವೇ ಕಳೆದುಹೋಗುತ್ತದೆ. ತಗ್ಗು ಕಮಾನಿನ ಪಡಸಾಲೆಯನ್ನು ರೆಂಡರ್ ಮಾಡುವಾಗ ಈ ಒಂದು ಎತ್ತರವನ್ನು ತಪ್ಪಿಸಿ. ಸ್ವಲ್ಪ ಮೇಲೆ ಅಥವಾ ಸ್ವಲ್ಪ ಕೆಳಗೆ ನಿಲ್ಲಿ.

ಈಗ ಬ್ಲೆಂಡರಿನಲ್ಲಿ ಸಾಲು ಕಟ್ಟುವ ಕೆಲಸ. ಇಪ್ಪತ್ತು ಅಂಕಣ ಬೇಕೆಂದರೆ ಇಪ್ಪತ್ತು ಸಲ ಯಾರೂ ನಕಲು ಮಾಡುವುದಿಲ್ಲ. ಒಂದು ಅಂಕಣ ಮಾಡಿ `Array` ಮಾಡಿಫೈಯರ್ ಹಾಕುತ್ತಾರೆ. ಅದು ತಾನಾಗಿ ಆರಿಸಿಕೊಳ್ಳುವುದು `Relative Offset`. ವಸ್ತುವಿನ ಒಟ್ಟು ಉದ್ದ ಎಷ್ಟೋ ಅಷ್ಟು ಸರಿಸಿ ಮುಂದಿನ ನಕಲು ಇಡು ಎಂದು ಅದರ ಅರ್ಥ. ಅಲ್ಲಿ ನಾನು ಬಿದ್ದ ಹಳ್ಳವನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ವಸತಿಗೃಹದ ಕಮಾನು ಪಡಸಾಲೆಯ ಚಿತ್ರ ಮಾಡುತ್ತಿದ್ದೆ. ಅಂಕಣ 3 ಮೀಟರ್, ನೆಲಕ್ಕೆ 60 ಸೆಂಟಿಮೀಟರ್ ಚೌಕದ ಕಲ್ಲು. ಒಂದು ಅಂಕಣಕ್ಕೆ ಸರಿಯಾಗಿ ಐದು ಕಲ್ಲು. ಕಂಬದ ಬುಡದ ಪೀಠ ಒಂದು ಬದಿಗೆ 12 ಸೆಂಟಿಮೀಟರ್ ಹೊರಗೆ ಚಾಚಿತ್ತು. ವಸ್ತುವಿನ ಒಟ್ಟು ಉದ್ದ 3.12 ಆಗಿದೆ ಅನ್ನುವುದು ನನ್ನ ಗಮನಕ್ಕೇ ಬರಲಿಲ್ಲ. ಮಾಡಿಫೈಯರ್ 3.12ಕ್ಕೊಂದು ನಕಲು ಇಟ್ಟಿತು. ಅಂಕಣ ಅಂಕಣಕ್ಕೂ ಅಂತರ ಸಮವೇ ಇತ್ತು, ಆದ್ದರಿಂದ ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಪಾಸಾದವು. ಕಲ್ಲಿನ ಸಂದು ಮಾತ್ರ ಕಂಬದ ನಡುವಿನಿಂದ ಸರಿಯುತ್ತಾ ಹೋಯಿತು. ಅದರಲ್ಲೂ ಒಂದು ಮೋಸ ನೋಡಿ. ಐದು ಅಂಕಣಕ್ಕೆ ಸರಿದದ್ದು 60 ಸೆಂಟಿಮೀಟರ್, ಅಂದರೆ ಒಂದು ಇಡೀ ಕಲ್ಲು. ಐದಕ್ಕೊಮ್ಮೆ ಸಂದು ಮತ್ತೆ ಸರಿಯಾಗಿ ಕೂರುತ್ತಿತ್ತು. ನಾನು ಹತ್ತಿರದ ಅಂಕಣವನ್ನೂ ದೂರದ ಒಂದನ್ನೂ ಹಿಗ್ಗಿಸಿ ನೋಡಿದಾಗ ಎರಡೂ ಸರಿ ಕಂಡವು. ಚಿತ್ರವನ್ನು ಕಟ್ಟಡದ ಮೇಸ್ತ್ರಿಗೆ ತೋರಿಸಿದಾಗ ಅವರು ಬೆರಳಿಟ್ಟು, "ಸಾರ್, ಈ ಮೂರನೇ ಕಂಬದ ಕೆಳಗೆ ಕಲ್ಲು ಕತ್ತರಿಸಬೇಕಾಗ್ತದಲ್ಲ, ಮೊದಲನೇದಕ್ಕೆ ಬೇಡ ಅಂತೀರಿ. ಅದ್ಹೇಗೆ?" ಅಂದರು. ಅವರು ನೋಡಿದ್ದು ಕಮಾನನ್ನಲ್ಲ, ಸಂದನ್ನು. ಇಪ್ಪತ್ತು ಅಂಕಣಕ್ಕೆ ನನ್ನ ಪಡಸಾಲೆ 2.4 ಮೀಟರ್ ಉದ್ದ ಬೆಳೆದಿತ್ತು.

ಅಂದಿನಿಂದ ನಾನು `Relative Offset` ಮುಟ್ಟುವುದಿಲ್ಲ. ಮೀಟರಿನಲ್ಲೇ ಅಳತೆ ಕೊಡುತ್ತೇನೆ:

```python
import bpy
o = bpy.context.object
m = o.modifiers.new("Saalu", 'ARRAY')
m.use_relative_offset = False
m.use_constant_offset = True
m.constant_offset_displace = (0, 3, 0)
m.count = 20
```

ಇದರಲ್ಲೂ ಒಂದು ಎಚ್ಚರಿಕೆ ಬೇಕು. ಈ 3 ಅನ್ನುವುದು ವಸ್ತುವಿನ ಸ್ವಂತ ಅಳತೆಯಲ್ಲಿ. ವಸ್ತುವನ್ನು ನೀವು ಮೊದಲೇ 1.2 ಪಟ್ಟು ಹಿಗ್ಗಿಸಿ `Apply Scale` ಮಾಡದೆ ಬಿಟ್ಟಿದ್ದರೆ ಅಂತರ 3.6 ಆಗುತ್ತದೆ. ಇನ್ನೊಂದು, ಒಂದು ಅಂಕಣ ಎಂದರೆ ಒಂದು ಕಂಬ ಮತ್ತು ಒಂದು ಕಮಾನು. ಎರಡೂ ತುದಿಗೆ ಕಂಬವಿಟ್ಟು ನಕಲು ಮಾಡಿದರೆ ನಡುವಿನ ಪ್ರತಿ ಕಂಬವೂ ಎರಡೆರಡು ಸಲ ಒಂದೇ ಜಾಗದಲ್ಲಿ ಕೂರುತ್ತದೆ. ರೆಂಡರಿನಲ್ಲಿ ಅಂಥ ಕಂಬದ ಮೈಮೇಲೆ ಕಪ್ಪು ಕಲೆಗಳು ಹರಿದಾಡುತ್ತವೆ. ತೀರಾ ಕೊನೆಯ ಕಂಬವನ್ನು ಮಾತ್ರ ಬೇರೆಯಾಗಿ ಇಟ್ಟರಾಯಿತು.

ಬೆಳಕಿಗೆ `Sun` ದೀಪವನ್ನೇ ಬಳಸಿ. ಅದರ ಕಿರಣಗಳು ಒಂದಕ್ಕೊಂದು ಸಮಾಂತರವಾಗಿ ಬರುತ್ತವೆ, ಆದ್ದರಿಂದ ಪ್ರತಿ ಕಮಾನಿನ ಬೆಳಕಿನ ತುಂಡೂ ನೆಲದ ಮೇಲೆ ಒಂದೇ ಆಕಾರದಲ್ಲಿ, ಒಂದೇ ಅಂತರದಲ್ಲಿ ಬೀಳುತ್ತದೆ. ಹೊರಗೆ ಹತ್ತಿರದಲ್ಲಿ ಒಂದು `Point` ದೀಪ ಇಟ್ಟರೆ ಅದರ ಎದುರಿನ ಕಮಾನಿನ ಬೆಳಕು ನೇರ, ಆಚೀಚೆಯವು ವಾಲುತ್ತಾ ಹೋಗುತ್ತವೆ. ಕಂಬಗಳು ಸಮವಾಗಿದ್ದರೂ ನೋಡುವವರಿಗೆ ಸಾಲು ಹದತಪ್ಪಿದ ಹಾಗೆ ಅನ್ನಿಸುತ್ತದೆ. ಎಲ್ಲಿ ತಪ್ಪಿದೆ ಎಂದು ಹೇಳಲು ಮಾತ್ರ ಬರುವುದಿಲ್ಲ.

ಅಡ್ಡ ಚೌಕಟ್ಟಿನಲ್ಲಿ ಎಲ್ಲರಿಗೂ ಎದುರಾಗುವ ಸಮಸ್ಯೆ ನೆತ್ತಿ ಕತ್ತರಿಸುವುದು. ಕಂಬ 2.7 ಮೀಟರ್, ಅದರ ಮೇಲೆ ಅಡ್ಡ ಕಮಾನು 1.5 ಮೀಟರ್, ಹಾಗಾಗಿ ನೆತ್ತಿ 4.2 ಮೀಟರಿನಲ್ಲಿ. ಕ್ಯಾಮೆರಾಗಿಂತ 2.7 ಮೀಟರ್ ಮೇಲೆ. ಚಿತ್ರ 1920ಕ್ಕೆ 1080 ಆದರೆ ನಡುವಿನಿಂದ ಮೇಲಕ್ಕೆ ಸಿಗುವುದು 540 ಪಿಕ್ಸೆಲ್. 9 ಮೀಟರ್ ದೂರದ ನೆತ್ತಿ 576ರಲ್ಲಿ ಬೀಳುತ್ತದೆ. ಮೊದಲ ಮೂರು ಅಡ್ಡ ಕಮಾನುಗಳ ನೆತ್ತಿ ಚಿತ್ರದಲ್ಲೇ ಇಲ್ಲ! ಇದನ್ನು ಕಂಡ ತಕ್ಷಣ ಕೈ ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಲು ಹೋಗುತ್ತದೆ. ವಾಲಿಸಿದರೆ ಕಂಬಗಳೆಲ್ಲ ಮೇಲೆ ಒಂದಕ್ಕೊಂದು ಒರಗುತ್ತವೆ. ಚಿತ್ರವನ್ನು ನಿಲುವಾಗಿ, 1080ಕ್ಕೆ 1920 ಮಾಡಿ ನೋಡಿ. ಬ್ಲೆಂಡರ್ ದೊಡ್ಡ ಬದಿಯನ್ನೇ ಸೆನ್ಸರಿನ ಅಗಲಕ್ಕೆ ಹೊಂದಿಸುವುದರಿಂದ ನಮ್ಮ ಲೆಕ್ಕ ಬದಲಾಗುವುದಿಲ್ಲ. 6 ಮೀಟರಿನ ಕಮಾನು ನೆತ್ತಿ ಸಮೇತ ಇಡಿಯಾಗಿ ಒಳಗೆ ಬರುತ್ತದೆ, ಪಕ್ಕಕ್ಕೆ 480, ಮೇಲಕ್ಕೆ 864. ಅಡ್ಡ ಚಿತ್ರವೇ ಬೇಕೆಂದರೆ ಕ್ಯಾಮೆರಾದ `Shift Y` ಬದಲಿಸಿ. 0.1 ಕೊಟ್ಟರೆ ಚೌಕಟ್ಟು 192 ಪಿಕ್ಸೆಲ್ ಮೇಲಕ್ಕೆ ಸರಿಯುತ್ತದೆ, ಕಂಬಗಳು ನೆಟ್ಟಗೇ ಉಳಿಯುತ್ತವೆ.

ಎಷ್ಟು ಅಂಕಣ ಸಾಕು ಅನ್ನುವುದಕ್ಕೂ ಲೆಕ್ಕವೇ ಉತ್ತರ ಕೊಡುತ್ತದೆ. ಮೂವತ್ತನೆಯ ಕಂಬದಿಂದ ಮೂವತ್ತೊಂದನೆಯದಕ್ಕೆ ಚಿತ್ರದಲ್ಲಿ ಇರುವ ಅಂತರ ಸುಮಾರು ಒಂದು ಪಿಕ್ಸೆಲ್. ಅದರಾಚೆ ಎಷ್ಟು ಕಮಾನು ಕಟ್ಟಿದರೂ ಪಕ್ಕದ ಗೋಡೆಯಲ್ಲಿ ಅವು ಕಾಣುವುದಿಲ್ಲ. ಕ್ಯಾಮೆರಾ ಚಲಿಸುವ ದೃಶ್ಯವಾದರೆ ಅಲ್ಲಿ ಮಿಣಮಿಣ ಮಿನುಗುತ್ತದೆ. ಒಂದು ಬಾಗಿಲನ್ನೋ ಬೆಳಕಿನ ಗೋಡೆಯನ್ನೋ ಇಟ್ಟು ಮೂವತ್ತಕ್ಕೆ ನಿಲ್ಲಿಸಿ.

ರೋಮಿನಲ್ಲಿ ಪಲಾಜ್ಜೊ ಸ್ಪಾದಾ ಎಂಬ ಮನೆಯಲ್ಲಿ ಬೊರೊಮಿನಿ ಕಟ್ಟಿದ ಒಂದು ಕಂಬಸಾಲು ಇದೆ, 1650ರ ದಶಕದ್ದು. ಅಂಗಳದಿಂದ ನೋಡಿದರೆ ಬಹಳ ಉದ್ದ ಕಾಣುತ್ತದೆ. ನಿಜವಾದ ಉದ್ದ ಸುಮಾರು 9 ಮೀಟರ್. ಒಳಗೆ ಹೋದಂತೆ ನೆಲ ಏರುತ್ತದೆ, ಸೂರು ಇಳಿಯುತ್ತದೆ, ಕಂಬಗಳು ಗಿಡ್ಡವಾಗುತ್ತವೆ. ಕೊನೆಯಲ್ಲಿ ಆಳೆತ್ತರದ ಹಾಗೆ ಕಾಣುವ ಪ್ರತಿಮೆ ಮುಕ್ಕಾಲು ಮೀಟರೂ ಇಲ್ಲ. ಈ ಭ್ರಮೆ ನಿಲ್ಲುವುದು ನೋಡುವವರು ನಿಗದಿಯಾದ ಜಾಗದಲ್ಲಿ ನಿಂತಾಗ ಮಾತ್ರ. ಯಾರಾದರೂ ಒಳಗೆ ನಡೆದು ಹೋದರೆ ಅವರೇ ರಾಕ್ಷಸರ ಹಾಗೆ ಬೆಳೆದುಬಿಡುತ್ತಾರೆ. ನನಗೆ ಇದರಿಂದ ಸಿಕ್ಕಿದ್ದು ಒಂದು ಪರೀಕ್ಷೆ. ನಿಮ್ಮ ಪಡಸಾಲೆ ಸಮವಾಗಿದೆಯೇ ಎಂದು ತಿಳಿಯಬೇಕಾದರೆ ಕ್ಯಾಮೆರಾವನ್ನು ಒಂದು ಅಂಕಣ ಮುಂದೆ ನಡೆಸಿ.

ಸಮವಾಗಿದ್ದರೆ ಏನಾಗಬೇಕು? 3 ಮೀಟರ್ ಮುಂದೆ ಬಂದ ಮೇಲೆ ಎರಡನೆಯ ಕಂಬ ಮೊದಲನೆಯದರ ಜಾಗಕ್ಕೆ, ಮೂರನೆಯದು ಎರಡನೆಯದರ ಜಾಗಕ್ಕೆ ಬರಬೇಕು. ಅಂದರೆ ಹೊರಟಾಗ ಇದ್ದ ಚಿತ್ರವೇ ಮತ್ತೆ ಬರಬೇಕು. ಎರಡು ಚಿತ್ರಗಳನ್ನು ಒಂದರ ಮೇಲೊಂದಿಟ್ಟು ವ್ಯತ್ಯಾಸ ತೆಗೆದರೆ ಪರದೆ ಕಪ್ಪಾಗಬೇಕು. ಕಪ್ಪಾಗದೆ ಉಳಿದ ಜಾಗದಲ್ಲಿ ತಪ್ಪಿದೆ. ಮೇಸ್ತ್ರಿ ಬೆರಳಿಟ್ಟು ತೋರಿಸಿದ ನನ್ನ ಆ ಹಳೆಯ ಚಿತ್ರವನ್ನು ಹೀಗೆ ನೋಡಿದ್ದರೆ ಕಂಬ, ಕಮಾನುಗಳ ಅಂಚುಗಳೆಲ್ಲ ಬಿಳಿಯಾಗಿ ಎದ್ದು ನಿಲ್ಲುತ್ತಿದ್ದವು.

ಇದೇ ಗುಣದಿಂದ ಕೊನೆಯಿಲ್ಲದೆ ನಡೆಯುವ ಪಡಸಾಲೆಯ ವಿಡಿಯೊ ಮಾಡಬಹುದು. ಫ್ರೇಮ್ 1ರಲ್ಲಿ ಕ್ಯಾಮೆರಾ 0 ಮೀಟರಿನಲ್ಲಿ, ಫ್ರೇಮ್ 73ರಲ್ಲಿ 3 ಮೀಟರಿನಲ್ಲಿ. ರೆಂಡರ್ ಮಾಡುವುದು 1ರಿಂದ 72ರವರೆಗೆ ಮಾತ್ರ, ಯಾಕೆಂದರೆ 73ನೆಯದೂ 1ನೆಯದೂ ಒಂದೇ. ಸೆಕೆಂಡಿಗೆ 24 ಫ್ರೇಮಿನಂತೆ ಮೂರು ಸೆಕೆಂಡಿನ ತುಣುಕು. ಅದನ್ನೇ ಸುತ್ತಿಸುತ್ತಾ ಹೋದರೆ ಸೆಕೆಂಡಿಗೆ ಒಂದು ಮೀಟರಿನಂತೆ ನಡಿಗೆ ನಿಲ್ಲುವುದೇ ಇಲ್ಲ. ಚಲನೆಯನ್ನು `Linear` ಮಾಡುವುದನ್ನು ಮರೆತರೆ ಬ್ಲೆಂಡರ್ ಶುರುವಿನಲ್ಲೂ ಕೊನೆಯಲ್ಲೂ ವೇಗ ತಗ್ಗಿಸುತ್ತದೆ, ನಡೆಯುವವರು ಮೂರು ಸೆಕೆಂಡಿಗೊಮ್ಮೆ ಎಡವಿದ ಹಾಗಾಗುತ್ತದೆ. ಕೊನೆಯ ಗೋಡೆ ಮಾತ್ರ ಪ್ರತಿ ಸುತ್ತಿಗೂ ಒಂದು ಪಿಕ್ಸೆಲ್ಲಿನಷ್ಟು ಜಿಗಿಯುತ್ತದೆ. ಅದನ್ನು ಕ್ಯಾಮೆರಾಗೇ ಕಟ್ಟಿಬಿಡಿ, ಅದು ಯಾವತ್ತೂ ಅಷ್ಟೇ ದೂರದಲ್ಲಿ ಉಳಿಯುತ್ತದೆ.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ಬರೆದಿಡಬೇಕು. "ಸರ್, ಎಲ್ಲ ಕಮಾನೂ ಒಂದೇ ನಕಲಾದರೆ ಅದೇ ಕಲೆ, ಅದೇ ಬಿರುಕು ಎಲ್ಲದರಲ್ಲೂ ಕಾಣುವುದಿಲ್ಲವೇ?" ಕಾಣುತ್ತದೆ, ಮತ್ತು ಕಣ್ಣು ಅದನ್ನು ಬೇಗ ಹಿಡಿಯುತ್ತದೆ. ನಿಂತ ಚಿತ್ರಕ್ಕಾದರೆ ಪ್ರತಿ ಕಂಬಕ್ಕೂ ಬೇರೆ ಕಲೆ ಕೊಡಿ, ಅಂತರವನ್ನು ಮಾತ್ರ ಮುಟ್ಟಬೇಡಿ. ಸುತ್ತುವ ವಿಡಿಯೊಗೆ ಹಾಗೆ ಮಾಡಿದರೆ ಸುತ್ತು ಮುರಿಯುತ್ತದೆ. ಅದಕ್ಕೆ ನಾನು ನಾಲ್ಕು ಬೇರೆ ಬೇರೆ ಅಂಕಣ ಮಾಡಿ ಆ ನಾಲ್ಕರ ಗುಂಪನ್ನೇ ಸಾಲಾಗಿ ಇಡುತ್ತೇನೆ. ಆಗ ಅಂತರ 12 ಮೀಟರ್, ಕ್ಯಾಮೆರಾ ನಡೆಯಬೇಕಾದದ್ದೂ 12 ಮೀಟರ್, ಫ್ರೇಮುಗಳು 288. ಮೊದಲ ಅಂಕಣದ ಬಿರುಕು ಮತ್ತೆ ಎದುರಿಗೆ ಬರಲು ಹನ್ನೆರಡು ಸೆಕೆಂಡು ಬೇಕು.